ವೆಂಡರ್ ಲಿಸ್ಟ್‌ಗೆ ಸೇರಿಸಿ ಅಂತ ಬರೆದ ಮೂರನೇ ಪತ್ರ

ಪೀಣ್ಯದಲ್ಲಿ ನನ್ನದು ಎರಡು ಸಿಎನ್‌ಸಿ ಲೇತ್ ಇರುವ ಚಿಕ್ಕ ವರ್ಕ್‌ಶಾಪ್. ಒಂದು ದೊಡ್ಡ ಪಂಪ್ ಕಂಪನಿಗೆ ಎರಡು ಸಲ ಪತ್ರ ಬರೆದೆ. ಉತ್ತರವೇ ಇಲ್ಲ.

ಹಳೇ ಪತ್ರ ತೆಗೆದು ಓದಿದಾಗ ತಪ್ಪು ಕಂಡಿತು. 'ಎಲ್ಲ ಬಗೆಯ ಟರ್ನಿಂಗ್ ಕೆಲಸ ಮಾಡುತ್ತೇವೆ, ಒಂದು ಅವಕಾಶ ಕೊಡಿ' ಎಂದು ಬರೆದಿದ್ದೆ. ಯಾರು ಬೇಕಾದರೂ ಹಾಗೆ ಬರೆಯಬಹುದು, ಅಲ್ವಾ? ಹೊಸ ವೆಂಡರ್ ಅಂದ್ರೆ ಅವರಿಗೆ ಒಂದೇ ಭಯ: ಮಾಲು ರಿಜೆಕ್ಟ್ ಆಗಿ ಅಸೆಂಬ್ಲಿ ನಿಂತರೆ?

ಮೂರನೇ ಪತ್ರದಲ್ಲಿ ಒಂದೇ ಪಾರ್ಟ್ ಹಿಡಿದೆ. ಹೀಗೆ ಬರೆದೆ:

'25 ಎಚ್7 ಬೋರ್ ಇರುವ ಬುಷ್ ಮಾಡುತ್ತೇವೆ. ಬೋರ್ 25.000ರಿಂದ 25.021 ಮಿ.ಮೀ. ಒಳಗೆ ಇರಬೇಕು. ಒಂದೇ ಬ್ಯಾಚಿನ 30 ಬುಷ್‌ಗಳ ಅಳತೆ ಲಗತ್ತಿಸಿದ್ದೇವೆ. ತಿಂಗಳಿಗೆ 2,000 ಕೊಡಬಲ್ಲೆವು. ಹೀಟ್ ಟ್ರೀಟ್‌ಮೆಂಟ್ ನಮ್ಮಲ್ಲಿಲ್ಲ, ಹೊರಗೆ ಮಾಡಿಸುತ್ತೇವೆ.'

ಕೊನೆ ಸಾಲು ಬೇಡ ಅಂದ ನಮ್ಮ ಫೋರ್‌ಮನ್. ಇರಲಿ ಅಂದೆ. ಆಡಿಟ್‌ಗೆ ಬಂದವರು ಹೇಗೂ ಕಂಡುಹಿಡಿಯುತ್ತಾರೆ.

ಜೊತೆಗೆ ಉದ್ಯಮ್ ಮತ್ತು ಜಿಎಸ್‌ಟಿ ನೋಂದಣಿ, ಬೋರ್ ಗೇಜಿನ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇಟ್ಟೆ. ಗೇಜಿನ ಹಳೇ ಕ್ಯಾಲಿಬ್ರೇಷನ್‌ನ ಗಡುವು ಮುಗಿದಿತ್ತು. ಮೊದಲು ಹೊಸದಾಗಿ ಕ್ಯಾಲಿಬ್ರೇಷನ್ ಮಾಡಿಸಿ, ಆಮೇಲೆ ಬುಷ್‌ಗಳನ್ನು ಮತ್ತೆ ಅಳೆದೆ. ಇಲ್ಲದಿದ್ದರೆ ಆ ಅಳತೆಗೆ ಬೆಲೆಯೇ ಇಲ್ಲ.

ಪರ್ಚೇಸ್‌ಗೆ ಕಳಿಸಿದ ಪತ್ರದ ಪ್ರತಿಯನ್ನು ಕ್ವಾಲಿಟಿ ವಿಭಾಗಕ್ಕೂ ಕಳಿಸಿದೆ. ಫೋನ್ ಬಂದಿದ್ದು ಅಲ್ಲಿಂದಲೇ. ಕೇಳಿದ್ದು ಆರ್ಡರ್ ಅಲ್ಲ, ಐದು ಸ್ಯಾಂಪಲ್. ಅವು ಪಾಸಾದ ಮೇಲೆ ಆಡಿಟ್, ಆಮೇಲೆ ಲಿಸ್ಟಿನಲ್ಲಿ ಹೆಸರು. ಸದ್ಯಕ್ಕೆ ಆ ಒಂದು ಬುಷ್‌ಗೆ ಮಾತ್ರ.