ವಿದೇಶಿ ಸಂಗೀತ ಕಾಲೇಜಿಗೆ ವಿಡಿಯೊ ಆಡಿಷನ್: ಸೀಟೂ ಅದರಲ್ಲೇ, ಸ್ಕಾಲರ್‌ಶಿಪ್ಪೂ ಅದರಲ್ಲೇ

ಬ್ರಿಟನ್ನಿನ ಸಂಗೀತ ಕಾಲೇಜುಗಳಿಗೆ ಹೋಗಬೇಕೆನ್ನುವ ಮಕ್ಕಳ ಅಪ್ಪ ಅಮ್ಮ ಮೊದಲು ಕೇಳುವ ಪ್ರಶ್ನೆ, ‘ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ಸಿಗುತ್ತೆ ಮೇಡಂ?’ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಂಥ ಕಡೆ ಅದಕ್ಕೆ ಬೇರೆ ಅರ್ಜಿಯೇ ಇಲ್ಲ. ಆಡಿಷನ್‌ನಲ್ಲಿ ಹೇಗೆ ನುಡಿಸುತ್ತೀರಿ ಅನ್ನೋದನ್ನು ನೋಡಿಯೇ ಸೀಟು ಕೊಡುತ್ತಾರೆ, ಹಣವನ್ನೂ ಅಲ್ಲೇ ತೀರ್ಮಾನ ಮಾಡುತ್ತಾರೆ. ವಿಮಾನ ಹತ್ತಿ ಹೋಗಲಾಗದವರಿಗೆ ಆಡಿಷನ್ ಅಂದರೆ ವಿಡಿಯೊ. ಆದ್ದರಿಂದ ಎಲ್ಲಕ್ಕಿಂತ ಜಾಸ್ತಿ ಶ್ರಮ ಅಲ್ಲೇ ಹಾಕಬೇಕು.

ಮೊದಲು ದಿನಾಂಕ. ಅಲ್ಲಿನ ಹೆಚ್ಚಿನ ಕಾಲೇಜುಗಳಿಗೆ ‘UCAS Conservatoires’ ತಾಣದ ಮೂಲಕವೇ ಅರ್ಜಿ. ಆರು ಕಾಲೇಜುಗಳವರೆಗೆ ಆರಿಸಿಕೊಳ್ಳಬಹುದು. ಲಂಡನ್ನಿನ ಇನ್ನೊಂದು ಕಾಲೇಜು ಗಿಲ್ಡ್‌ಹಾಲ್‌ನವರದು ಮಾತ್ರ ಬೇರೆ ಅರ್ಜಿ. ಸಂಗೀತಕ್ಕೆ ಸಾಮಾನ್ಯವಾಗಿ ಅಕ್ಟೋಬರ್ 2 ಕೊನೆ, ಅಲ್ಲಿನ ಸಂಜೆ 6 ಗಂಟೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ. ಡಾನ್ಸ್ ಕೋರ್ಸ್‌ಗಳ ಕೊನೆ ದಿನ ಹೆಚ್ಚಾಗಿ ಜನವರಿಯಲ್ಲಿ ಬರುತ್ತದೆ. ಗಡುವು ಮುಗಿದ ಮೇಲೂ ಕೆಲವು ಕಡೆ ಅರ್ಜಿ ತೆಗೆದುಕೊಳ್ಳುತ್ತಾರೆ. ಆದರೆ ಆ ಹೊತ್ತಿಗೆ ಸ್ಕಾಲರ್‌ಶಿಪ್ ಹಣ ಹಂಚಿ ಆಗಿರಬಹುದು.

ಇನ್ನು ರೆಕಾರ್ಡಿಂಗ್. ನಿಯಮ ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ಕೃತಿ ಅಥವಾ ಅದರ ಒಂದು ಭಾಗವನ್ನು ಶುರುವಿನಿಂದ ಕೊನೆತನಕ ಒಂದೇ ಟೇಕ್‌ನಲ್ಲಿ ನುಡಿಸಬೇಕು. ಕತ್ತರಿಸಿ ಅಂಟಿಸುವಂತಿಲ್ಲ. ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಕ್ಯಾಮೆರಾ ನಿಲ್ಲಿಸಬಹುದೇ ಅನ್ನೋದು ಕಾಲೇಜಿಂದ ಕಾಲೇಜಿಗೆ ಬದಲಾಗುತ್ತದೆ, ಓದಿಕೊಳ್ಳಿ. ಮುಖ, ಎರಡೂ ಕೈ, ವಯಲಿನ್ ಆದರೆ ಬಿಲ್ಲಿನ ಪೂರ್ತಿ ಉದ್ದ ಚೌಕಟ್ಟಿನೊಳಗೆ ಇರಬೇಕು. ಡಾನ್ಸಿಗೆ ನೆಲದ ಮೇಲಿನ ಪಾದವೂ ಕಾಣಬೇಕು.

ನಾನು ಪಾಶ್ಚಾತ್ಯ ವಯಲಿನ್ ಕಲಿಸುವವಳು. ನನ್ನ ವಿದ್ಯಾರ್ಥಿನಿಯೊಬ್ಬಳು ಬಾಖ್‌ನ ಕೃತಿಯೊಂದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ತಂದಳು. ನುಡಿಸಿದ್ದು ಚೆನ್ನಾಗಿತ್ತು. ಆದರೆ ಕೇಳಿದರೆ ಎಲ್ಲವೂ ಒಂದೇ ದನಿ, ಮೆಲ್ಲಗೆ ನುಡಿಸಿದ್ದೂ ಜೋರಾಗಿ ನುಡಿಸಿದ್ದೂ ಒಂದೇ. ತಪ್ಪು ಅವಳದಲ್ಲ, ಫೋನಿನದು. ದನಿ ಕಡಿಮೆಯಾದಾಗ ಫೋನ್ ತಾನೇ ಏರಿಸುತ್ತದೆ, ಜಾಸ್ತಿಯಾದಾಗ ಇಳಿಸುತ್ತದೆ. ಮಾತಾಡಲು ಅದು ಒಳ್ಳೆಯದೇ, ಸಂಗೀತಕ್ಕೆ ಮಾತ್ರ ಕೊಲೆ. ಆಯ್ಕೆ ಮಾಡುವವರಿಗೆ ‘ಈ ಹುಡುಗಿಗೆ ಏರಿಳಿತವೇ ಗೊತ್ತಿಲ್ಲ’ ಅನ್ನಿಸುತ್ತದೆ.

ಪರೀಕ್ಷೆ ಸುಲಭ. ನಿಮ್ಮ ಕೃತಿಯ ಅತಿ ಮೆಲುವಾದ ನಾಲ್ಕು ಸಾಲು, ಅತಿ ಜೋರಾದ ನಾಲ್ಕು ಸಾಲು ಒಟ್ಟಿಗೆ ರೆಕಾರ್ಡ್ ಮಾಡಿ. ಹೆಡ್‌ಫೋನ್ ಹಾಕಿ ಕೇಳಿ. ವ್ಯತ್ಯಾಸ ಗೊತ್ತಾಗದಿದ್ದರೆ ಆ ಸ್ವಯಂಚಾಲಿತ ಹೊಂದಾಣಿಕೆಯನ್ನು ಬಂದ್ ಮಾಡಲು ಬಿಡುವ ಆ್ಯಪ್ ಬಳಸಿ. ಇಲ್ಲವೇ ಹೊರಗಿನ ಮೈಕ್ ತಂದು, ದನಿಯ ಮಟ್ಟವನ್ನು ನೀವೇ ಹೊಂದಿಸಿ. ಮೈಕ್ ಎರಡು ಮೂರು ಮೀಟರ್ ದೂರದಲ್ಲಿ, ತಲೆಗಿಂತ ಸ್ವಲ್ಪ ಎತ್ತರದಲ್ಲಿರಲಿ. ನಮ್ಮ ಹುಡುಗಿ ಎರಡನೇ ಬಾರಿ ಹೀಗೆ ಮಾಡಿದಾಗ, ಅದೇ ಕೈ, ಅದೇ ವಯಲಿನ್, ಬೇರೆಯೇ ವಾದಕಿ ಅನ್ನಿಸಿತು.

ಜಾಗದ ಮಾತೂ ಉಂಟು. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಳೆ ಶೀಟಿನ ಮೇಲೆ ಬಿದ್ದರೆ ಆ ದಿನ ಮುಗಿಯಿತು. ಕುಕ್ಕರ್ ಸೀಟಿ, ತರಕಾರಿ ಗಾಡಿ ಬೇರೆ. ಬೆಳಗ್ಗೆ ಐದೂವರೆಗೆ ಶುರು ಮಾಡಿ, ಫ್ಯಾನ್ ಆರಿಸಿ. ಪಿಯಾನೊ ಜೊತೆಗಿರುವ ಕೃತಿಯಾದರೆ ನಿಜವಾದ ಪಿಯಾನೊ ವಾದಕರನ್ನು ಕರೆಸಿ. ಸುಮ್ನೆ ಟ್ರ್ಯಾಕ್ ಹಾಕಿ ನುಡಿಸಿದರೆ, ನೀವು ಉಸಿರೆಳೆದು ಕಾಯುವಲ್ಲಿ ಅದು ಕಾಯೋದಿಲ್ಲ ಅಲ್ವಾ?

ಯೂಟ್ಯೂಬ್ ಲಿಂಕ್ ಕೇಳಿದರೆ ‘Unlisted’ ಆರಿಸಿ. ‘Private’ ಇಟ್ಟರೆ ಆಯ್ಕೆ ಮಾಡುವವರಿಗೆ ತೆರೆಯುವುದೇ ಇಲ್ಲ. ಡಾನ್ಸಿನವರು ಇನ್ನೊಂದು ನೋಡಿಕೊಳ್ಳಿ. ಹಿನ್ನೆಲೆಯ ಹಾಡಿಗೆ ಹಕ್ಕುದಾರರಿದ್ದರೆ ಕೆಲವು ದೇಶಗಳಲ್ಲಿ ವಿಡಿಯೊ ತಡೆದುಬಿಡುತ್ತಾರೆ. ಲಂಡನ್ನಿನಲ್ಲಿರುವ ಯಾರಿಗಾದರೂ ಲಿಂಕ್ ಕಳಿಸಿ, ತೆರೆಯುತ್ತಾ ಅಂತ ಕೇಳಿ.

ಕರ್ನಾಟಕ ಸಂಗೀತದವರಿಗೆ ಇದೇ ದಾರಿ ಹೊಂದೋದು ಕಷ್ಟ. ಬ್ರಿಟನ್ನಿನ ವಯಲಿನ್ ಕೋರ್ಸ್‌ಗಳು ಕೇಳುವುದು ಪಾಶ್ಚಾತ್ಯ ಕೃತಿಗಳನ್ನು. ಪೂರ್ತಿ ಶುಲ್ಕ ಮನ್ನಾ ಬೇಕಾದವರು ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಕರ್ಟಿಸ್ ಸಂಗೀತ ಸಂಸ್ಥೆಯ ಕಡೆ ನೋಡಬಹುದು. 1928ರಿಂದ ಅಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಬೋಧನಾ ಶುಲ್ಕ ಉಚಿತ. ಸೀಟು ಮಾತ್ರ ಬೆರಳೆಣಿಕೆ, ಊಟ ವಸತಿ ನಮ್ಮದೇ.

ಬ್ರಿಟನ್ನಿನಲ್ಲಿ ಬರುವುದು ಹೆಚ್ಚಾಗಿ ಭಾಗಶಃ ಸ್ಕಾಲರ್‌ಶಿಪ್. ಲೆಕ್ಕಕ್ಕೆ ಹೇಳುವುದಾದರೆ, ಶುಲ್ಕ 28,000 ಪೌಂಡ್ ಇದ್ದು 10,000 ಪೌಂಡ್ ಸಿಕ್ಕಿದರೆ ಉಳಿದ 18,000 ಪೌಂಡ್ ವೀಸಾಕ್ಕೆ ನೀವು ತೋರಿಸಬೇಕು, ಜೊತೆಗೆ ಒಂಬತ್ತು ತಿಂಗಳ ಜೀವನ ಖರ್ಚು. ಆ ಹಣ ಬ್ಯಾಂಕಿನಲ್ಲಿ ಸತತ 28 ದಿನ ಕದಲದೆ ಇರಬೇಕು. ನಮ್ಮ ಹುಡುಗಿಯ ಅಪ್ಪ ಇಪ್ಪತ್ತನೇ ದಿನ ಮನೆ ರಿಪೇರಿಗೆಂದು ಸ್ವಲ್ಪ ತೆಗೆದರು. ಮೊತ್ತ ಗಡಿಗಿಂತ ಕೆಳಗಿಳಿಯಿತು. ಹಣ ವಾಪಸ್ ಹಾಕಿದ ಮೇಲೆ ಎಣಿಕೆ ಮತ್ತೆ ಒಂದನೇ ದಿನದಿಂದ.