ವಯಸ್ಸೋ ಅನುಭವವೋ: ಆಲೆಮನೆ ಕೂಲಿ ಲೆಕ್ಕದಲ್ಲಿ ನಾನು ಎಡವಿದ್ದು

ಎಂಎ ಪ್ರಾಜೆಕ್ಟ್‌ಗೆಂದು ಮಂಡ್ಯ ಸುತ್ತಮುತ್ತಲಿನ ಆಲೆಮನೆಗಳಿಗೆ ಹೋಗಿ 128 ಜನರ ದಿನಗೂಲಿ ಬರೆದುಕೊಂಡು ಬಂದಿದ್ದೆ. ಜೊತೆಗೆ ಓದು, ವಯಸ್ಸು, ಈ ಕೆಲಸದಲ್ಲಿ ಕಳೆದ ವರ್ಷಗಳು. ಕೂಲಿಯ ಲಾಗ್ ತೆಗೆದು ರಿಗ್ರೆಶನ್ ಹಾಕಿದೆ. ಗುಣಾಂಕವನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದರೆ ಸಿಗುವ ಟಿ, ವಯಸ್ಸಿಗೆ 0.7, ಅನುಭವಕ್ಕೆ 1.3. ಎರಡೂ 2ಕ್ಕಿಂತ ಕಡಿಮೆ, ಅಂದರೆ ಒಂದೊಂದಾಗಿ ನೋಡಿದರೆ ಪರಿಣಾಮ ಇದೆ ಅನ್ನಲು ಸಾಲದು. "ಎರಡನ್ನೂ ಕಿತ್ತು ಬಿಸಾಕು" ಅಂದ ರೂಮ್‌ಮೇಟ್.

ನನಗೆ ಒಪ್ಪಿಗೆಯಾಗಲಿಲ್ಲ. ಪಾಕದ ಹದ ನೋಡುವ ಹಳಬರಿಗೆ ಕೂಲಿ ಜಾಸ್ತಿ ಅನ್ನುವುದನ್ನು ಕಣ್ಣಾರೆ ನೋಡಿದ್ದೆ. ಎರಡನ್ನೂ ಒಟ್ಟಿಗೆ ಪರೀಕ್ಷಿಸಲು ಆರ್ ಸಾಫ್ಟ್‌ವೇರ್‌ಗೆ ಹೀಗೆ ಕೊಟ್ಟೆ:

```
u <- lm(log(kuli) ~ odu + vayassu + anubhava, data = d)
r <- lm(log(kuli) ~ odu, data = d)
anova(r, u)
```

ತಕ್ಷಣ `models were not all fitted to the same size of dataset` ಅಂತ ಬೈದುಬಿಟ್ಟಿತು. ಎಂಟು ಜನ ವಯಸ್ಸು ಹೇಳಿರಲಿಲ್ಲ. ದೊಡ್ಡ ಮಾಡೆಲ್ ಅವರನ್ನು ಬಿಟ್ಟಿತ್ತು, ಚಿಕ್ಕದು ಸೇರಿಸಿಕೊಂಡಿತ್ತು. ಕೈಯಲ್ಲಿ ಲೆಕ್ಕ ಹಾಕಿದ್ದರೆ ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ. ಎರಡಕ್ಕೂ ಅದೇ 120 ಜನರನ್ನು ಇಟ್ಟುಕೊಂಡು ಮತ್ತೆ ಓಡಿಸಿದೆ.

ಮಾಡೆಲ್ ವಿವರಿಸಲಾಗದೆ ಬಿಟ್ಟ ಉಳಿಕೆಗಳ ವರ್ಗಗಳ ಮೊತ್ತ ದೊಡ್ಡ ಮಾಡೆಲ್‌ನಲ್ಲಿ 11.60, ಚಿಕ್ಕದರಲ್ಲಿ 13.61. ವ್ಯತ್ಯಾಸ 2.01, ಕೈಬಿಟ್ಟದ್ದು ಎರಡು, ಹಾಗಾಗಿ ಒಂದಕ್ಕೆ 1.005. 120 ಜನರಲ್ಲಿ ದೊಡ್ಡ ಮಾಡೆಲ್‌ನ ನಾಲ್ಕು ಗುಣಾಂಕ ಕಳೆದರೆ 116. ಆ 1.005ನ್ನು 11.60/116, ಅಂದರೆ 0.1ರಿಂದ ಭಾಗಿಸಿದರೆ ಎರಡನ್ನೂ ಒಟ್ಟಿಗೆ ಅಳೆಯುವ ಎಫ್ 10.05. ಶೇಕಡಾ 5ರ ಗಡಿ ಸುಮಾರು 3.07 ಅಷ್ಟೇ!

ಹಾಗಾದರೆ ಟಿ ಸುಳ್ಳು ಹೇಳಿತಾ? ಇಲ್ಲ, ಅದು ಉತ್ತರಿಸಿದ್ದು ಬೇರೆ ಪ್ರಶ್ನೆಗೆ. ಅನುಭವ ಆಗಲೇ ಒಳಗಿರುವಾಗ ವಯಸ್ಸಿನಿಂದ ಹೊಸದೇನು ಸಿಕ್ಕಿತು ಅಂತ ಅದು ಕೇಳುತ್ತದೆ. ಆಲೆಮನೆಗೆ ಹೆಚ್ಚಿನವರು ಹದಿಹರೆಯದಲ್ಲೇ ಸೇರುತ್ತಾರೆ. ವಯಸ್ಸು ಏರಿದಂತೆ ಅನುಭವವೂ ಏರುತ್ತದೆ. ಓದಿನ ಪಾಲು ಕಳೆದ ಮೇಲೂ ಇವೆರಡರ ನಡುವಿನ ಸಹಸಂಬಂಧ 0.9 ಇತ್ತು. ಇದರಿಂದ ಗುಣಾಂಕಗಳ ಸ್ಟ್ಯಾಂಡರ್ಡ್ ಎರರ್ ಸುಮಾರು 2.3 ಪಟ್ಟು ಉಬ್ಬುತ್ತದೆ, ಟಿ ಅಷ್ಟೇ ಕುಗ್ಗುತ್ತದೆ. ಕೂಲಿ ಏರಿದ್ದು ಖಚಿತ, ಯಾರ ಪಾಲು ಎಷ್ಟು ಅನ್ನುವುದು ಮಾತ್ರ ಮಸುಕು. "ಇಬ್ಬರದೂ ಸೊನ್ನೆ" ಅನ್ನುವುದನ್ನು ಎಫ್ ಒಪ್ಪಲಿಲ್ಲ, ಅಷ್ಟೇ. ಯಾರದು ಅಂತ ಅದೂ ಹೇಳುವುದಿಲ್ಲ.

ಪರೀಕ್ಷೆಗೆಂದು ವಯಸ್ಸನ್ನು ಮಾತ್ರ ತೆಗೆದೆ. ಅನುಭವದ ಟಿ 1.3ರಿಂದ 4.4ಕ್ಕೆ ಹಾರಿತು. ಹಾಗಂತ ಅದು ಪೂರ್ತಿ ಅನುಭವದ್ದೇ ಅಂತ ಬರೆಯಲಿಲ್ಲ. ವಯಸ್ಸಿನ ಪಾಲೂ ಅದರೊಳಗೆ ಸೇರಿಕೊಂಡಿರಬಹುದು, ಅಲ್ವಾ? ಎರಡನ್ನೂ ಮಾಡೆಲ್‌ನಲ್ಲೇ ಉಳಿಸಿ, ಟಿ ಜೊತೆಗೆ ಎಫ್ ಕೂಡ ವರದಿಯಲ್ಲಿ ಕೊಟ್ಟೆ.

ಇದರ ಉಲ್ಟಾ ಕೂಡ ನನಗೇ ಆಯಿತು. ಸೈಕಲ್ ಇದೆಯಾ, ಮನೆ ಎಷ್ಟು ದೂರ ಅಂತ ಐದು ಸಣ್ಣಪುಟ್ಟ ಸಂಗತಿಗಳನ್ನು ಸುಮ್ನೆ ಸೇರಿಸಿದ್ದೆ. ಒಂದರ ಟಿ 2.1, ಉಳಿದವು 0.5ರ ಆಸುಪಾಸು. ಒಂದಕ್ಕೊಂದು ನಂಟಿಲ್ಲದಿದ್ದರೆ ಎಫ್ ಅಂದರೆ ಟಿಗಳ ವರ್ಗಗಳ ಸರಾಸರಿ, ಇಲ್ಲಿ ಸುಮಾರು 1.1, ಗಡಿ ದಾಟಲಿಲ್ಲ. ಐದು ಸಲ ಕಲ್ಲು ಹೊಡೆದರೆ ಒಂದು ಮಾವಿನಕಾಯಿ ಬೀಳುವುದು ದೊಡ್ಡದಲ್ಲ. ಆ ಐದನ್ನೂ ಒಟ್ಟಿಗೇ ಕೈಬಿಟ್ಟೆ.