ಜೆಡ್ ಪಾಯಿಂಟ್‌ನಲ್ಲಿ ಕೈಕೊಟ್ಟ ಕಾರ್ಡ್

ಮುಳ್ಳಯ್ಯನಗಿರಿಯಿಂದ ಹೊರಟು ಬಾಬಾಬುಡನ್‌ಗಿರಿಯ ಏಣು ಹಿಡಿದು ಕೆಮ್ಮಣ್ಣುಗುಂಡಿ ಸೇರುವ ಮೂರು ದಿನಗಳ ಚಾರಣಕ್ಕೆ ನಾನು ತಂಡದ ಛಾಯಾಗ್ರಾಹಕನಾಗಿ ಹೋಗಿದ್ದೆ. ಕೊನೆಯ ದಿನ ಬೆಳಿಗ್ಗೆ ಜೆಡ್ ಪಾಯಿಂಟ್‌ನಲ್ಲಿ ಮಂಜು ಸರಿದು ಬಿಸಿಲು ಹುಲ್ಲುಗಾವಲಿನ ಮೇಲೆ ಇಳಿಯುತ್ತಿದ್ದಾಗ ಒಂದೇ ಸಮನೆ ಹತ್ತಾರು ಚಿತ್ರಗಳನ್ನು ತೆಗೆದೆ. ಬ್ಯಾಟರಿ ಮುಗಿಯುತ್ತಿರುವ ಸೂಚನೆ ಕಂಡ ಕೂಡಲೇ, ಕ್ಯಾಮೆರಾದ ಕೆಂಪು ದೀಪ ಇನ್ನೂ ಮಿನುಗುತ್ತಿರುವುದನ್ನು ಗಮನಿಸದೆ, ಅದರ ಮುಚ್ಚಳ ತೆರೆದು ಬೇರೆ ಬ್ಯಾಟರಿ ಹಾಕಿದೆ. ಪರದೆಯ ಮೇಲೆ Card cannot be accessed ಎಂಬ ಸಾಲು ಮೂಡಿತು.

"ಅಣ್ಣಾ, ಫಾರ್ಮ್ಯಾಟ್ ಮಾಡು ಅಂತ ಅದೇ ಕೇಳ್ತಿದೆಯಲ್ಲ, ಕೊಟ್ಟುಬಿಡಿ" ಎಂದ ಜೊತೆಯಲ್ಲಿದ್ದ ಹುಡುಗ. ನಾನು ಕೊಡಲಿಲ್ಲ. ಕಾರ್ಡ್ ಹೊರತೆಗೆದು, ಅದರ ಪಕ್ಕದ ಪುಟ್ಟ ಲಾಕನ್ನು ಕೆಳಗೆ ಸರಿಸಿ, ಊಟದ ಡಬ್ಬಿಯಲ್ಲಿಟ್ಟೆ. ಉಳಿದ ದಾರಿಯಲ್ಲಿ ಮೊಬೈಲಿನಲ್ಲೇ ಚಿತ್ರ ತೆಗೆದೆ.

ದೀಪ ಮಿನುಗುವಾಗ ವಿದ್ಯುತ್ ಕಡಿದರೆ ಒಂದು ಚಿತ್ರ ಹೋಗಬಹುದು, ಇಡೀ ಕಾರ್ಡ್ ಏಕೆ ಹೋಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಪ್ರತಿ ಚಿತ್ರ ಬರೆದಾದ ಮೇಲೆ ಅದು ಕಾರ್ಡಿನ ಯಾವ ಜಾಗದಲ್ಲಿದೆ ಎಂಬುದನ್ನು ಕ್ಯಾಮೆರಾ ಒಂದು ಪಟ್ಟಿಯಲ್ಲಿ ತಿದ್ದುತ್ತದೆ. ಫ್ಲ್ಯಾಷ್ ಮೆಮೊರಿಯಲ್ಲಿ ಒಂದು ಸಾಲನ್ನಷ್ಟೇ ತಿದ್ದಲು ಬರುವುದಿಲ್ಲ. ಆ ಸಾಲಿರುವ ಇಡೀ ಭಾಗವನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ನಡುವೆ ವಿದ್ಯುತ್ ನಿಂತರೆ ಹಳೆಯ ಚಿತ್ರಗಳ ಸಾಲುಗಳೂ ಅದರೊಂದಿಗೆ ಕೆಡಬಹುದು. ಊರಿನ ಮನೆಗಳೆಲ್ಲ ಹಾಗೆಯೇ ಇದ್ದು, ಪಂಚಾಯಿತಿಯ ಖಾತೆ ಪುಸ್ತಕ ಮಾತ್ರ ನೀರಿಗೆ ಬಿದ್ದಂತೆ ಅದು.

ಚಿಕ್ಕಮಗಳೂರಿನ ಮನೆಗೆ ಬಂದ ರಾತ್ರಿಯೇ ಕಾರ್ಡನ್ನು ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿದೆ. ಮೊದಲು ನೋಡಬೇಕಾದದ್ದು ಗಾತ್ರ. lsblk ಆದೇಶಕ್ಕೆ 29.7G ಎಂದು ಬಂದಾಗ ಸ್ವಲ್ಪ ಉಸಿರಾಡಿದೆ, ಏಕೆಂದರೆ 32 ಜಿಬಿ ಕಾರ್ಡ್ ತೋರಿಸುವುದು ಸುಮಾರು ಅಷ್ಟನ್ನೇ. ಗಾತ್ರ ಸೊನ್ನೆ ಎಂದೋ ಕೆಲವೇ ಎಂಬಿ ಎಂದೋ ಬಂದಿದ್ದರೆ ಕಾರ್ಡಿನೊಳಗಿನ ನಿಯಂತ್ರಕವೇ ಸತ್ತಿದೆ ಎಂದು ತಿಳಿಯಬೇಕಿತ್ತು. ಅಲ್ಲಿ ಯಾವ ತಂತ್ರಾಂಶವೂ ನಡೆಯುವುದಿಲ್ಲ. ನೇರವಾಗಿ ಕಾರ್ಡಿನ ಮೇಲೆ ಕೆಲಸ ಮಾಡದೆ, ಅದರ ಪೂರ್ಣ ನಕಲು ತೆಗೆದು, ಆ ನಕಲಿನಲ್ಲಿ ಚಿತ್ರಗಳನ್ನು ಹುಡುಕಿದೆ.

```
sudo ddrescue -d /dev/sdb card.img card.map
photorec card.img
```

ನಕಲು ಮುಗಿದಾಗ ಓದಲಾಗದ ಜಾಗ ಒಂದೂ ಇರಲಿಲ್ಲ. ಅಂದರೆ ಕೆಟ್ಟದ್ದು ಪಟ್ಟಿ ಮಾತ್ರ. ಫೋಟೋರೆಕ್ ಆ ಪಟ್ಟಿಯನ್ನು ನೋಡುವುದೇ ಇಲ್ಲ. ಚಿತ್ರದ ಫೈಲ್ ಆರಂಭವಾಗುವ ಗುರುತನ್ನು ಹುಡುಕಿ, ಅಲ್ಲಿಂದ ಮುಂದಕ್ಕೆ ಸತತವಾಗಿ ಓದಿ ಹೊರತೆಗೆಯುತ್ತದೆ. ಹೀಗಾಗಿ ಫೈಲುಗಳ ಮೂಲ ಹೆಸರುಗಳು ಉಳಿಯಲಿಲ್ಲ. ಆದರೆ ಚಿತ್ರ ತೆಗೆದ ಸಮಯ ಪ್ರತಿ ಫೈಲಿನೊಳಗೇ ಇದ್ದುದರಿಂದ ಅದರ ಪ್ರಕಾರ ಜೋಡಿಸಿಕೊಂಡೆ. ಮೊದಲ ಎರಡು ದಿನಗಳ 930 ಚಿತ್ರಗಳೂ ಸರಿಯಾಗಿ ಬಂದವು.

ಮೂರನೆಯ ದಿನದ 96 ಚಿತ್ರಗಳ ಕಥೆಯೇ ಬೇರೆ. 31 ಮಾತ್ರ ಪೂರ್ತಿಯಾಗಿದ್ದವು. ಉಳಿದವುಗಳಲ್ಲಿ ಮೇಲೆ ಒಂದಿಷ್ಟು ಆಕಾಶ, ಕೆಳಗೆ ನೇರಳೆ ಹಸಿರು ಪಟ್ಟೆಗಳು. ಇದಕ್ಕೆ ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಎರಡನೆಯ ದಿನ ಸಂಜೆ ಕಾರ್ಡ್ ತುಂಬಿದ್ದರಿಂದ, ಹೋಮ್‌ಸ್ಟೇಯ ಜಗಲಿಯಲ್ಲಿ ಕುಳಿತು ಅಲ್ಲಲ್ಲಿ ಅಲುಗಿದ್ದ ಸುಮಾರು 120 ಚಿತ್ರಗಳನ್ನು ಅಳಿಸಿದ್ದೆ. ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಹಾಗೆಯೇ ಉಳಿಸುವ ರಾ ಫೈಲುಗಳ ಗಾತ್ರ ಒಂದೇ ಇರುವುದಿಲ್ಲ. 28 ಎಂಬಿಯ ತೆರವಾದ ಜಾಗಕ್ಕೆ ಮರುದಿನದ 31 ಎಂಬಿಯ ಚಿತ್ರ ಬಂದರೆ ಉಳಿದ 3 ಎಂಬಿ ಬೇರೆಲ್ಲೋ ಇರುವ ಇನ್ನೊಂದು ತೆರವಿಗೆ ಹೋಗುತ್ತದೆ. ಆ ತುಂಡು ಎಲ್ಲಿದೆ ಎಂಬುದು ಕೆಟ್ಟುಹೋದ ಪಟ್ಟಿಗೆ ಮಾತ್ರ ಗೊತ್ತಿತ್ತು. ಜಾಗ ಉಳಿಸಲು ನಾನು ಮಾಡಿದ ಜಿಪುಣತನವೇ ನನಗೆ ಮುಳುವಾಯಿತು. ಇನ್ನೊಂದು ಕಾರ್ಡ್ ಚೀಲದಲ್ಲೇ ಇತ್ತು ಎನ್ನುವುದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ.

ನನ್ನ ಕ್ಯಾಮೆರಾ ಪ್ರತಿ ರಾ ಫೈಲಿನ ಮುಂಭಾಗದಲ್ಲಿ, ಹಿಂಬದಿಯ ಪರದೆಗೆ ತೋರಿಸಲೆಂದು, ಒಂದು ಜೆಪೆಗ್ ಪ್ರತಿಯನ್ನು ಸೇರಿಸಿಡುತ್ತದೆ. ಬಾಲ ಕತ್ತರಿಸಿದ್ದರೂ ತಲೆ ಉಳಿದಿದ್ದ ಫೈಲುಗಳಿಂದ exiftool ಬಳಸಿ ಆ ಪ್ರತಿಗಳನ್ನು ಹೊರತೆಗೆದಾಗ 56 ಚಿತ್ರಗಳು ಸಿಕ್ಕವು. ನೆರಳನ್ನು ಬೆಳಗಿಸಲು ಹೋದರೆ ಬಣ್ಣ ಒಡೆಯುತ್ತದೆ, ಆದರೆ ತಂಡದವರಿಗೆ ಕಳಿಸಲು ಅಡ್ಡಿಯಿರಲಿಲ್ಲ. ಒಂಬತ್ತು ಚಿತ್ರಗಳಿಂದ ಏನೂ ಸಿಗಲಿಲ್ಲ.

ಆ 96ರ ಲೆಕ್ಕಕ್ಕೇ ಬಾರದ ಕೊನೆಯ ಕೆಲವು ಚಿತ್ರಗಳೂ ಇದ್ದವು. ಬ್ಯಾಟರಿ ಕಿತ್ತಾಗ ಅವು ಇನ್ನೂ ಕ್ಯಾಮೆರಾದ ಬಫರಿನಲ್ಲಿದ್ದವು, ಕಾರ್ಡಿಗೆ ಇಳಿದಿರಲೇ ಇಲ್ಲ. ಮಂಜು ಪೂರ್ತಿ ಸರಿದದ್ದು ಅವುಗಳಲ್ಲೇ. ಫಾರ್ಮ್ಯಾಟ್ ಮಾಡಿ ಎಂದಿದ್ದ ಹುಡುಗ ತನ್ನ ಮೊಬೈಲಿನಲ್ಲಿ ಅದೇ ಹೊತ್ತಿಗೆ ತೆಗೆದ ಒಂದು ಚಿತ್ರವನ್ನು ಕಳಿಸಿದ. ಅದರಲ್ಲಿ ಗುಡ್ಡಕ್ಕೆ ಬೆನ್ನು ಹಾಕಿ, ತಲೆ ತಗ್ಗಿಸಿ, ಬ್ಯಾಟರಿಯ ಮುಚ್ಚಳ ತೆರೆಯುತ್ತಿರುವ ನಾನಿದ್ದೇನೆ.